ಲಾರಿಯ ರಿ

ಬೆಳ್ಳಾರೆ ಪೇಟೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಜೆರಾಕ್ಸಿಗಿಂತ ಹೆಚ್ಚು ನನ್ನ ಮುಂದೆ ಬರುವುದು ಜನರ ಫೋನುಗಳು. ಇಲ್ಲಿ ನಾವು ಮಾತಾಡುವುದು ತುಳು, ಅರೆಭಾಷೆ, ಬ್ಯಾರಿ. ಬರೆಯಲು ಕಲಿತದ್ದು ಶಾಲೆಯ ಕನ್ನಡ. ಫೋನಿನಲ್ಲಿ ಒತ್ತುವುದು ಇಂಗ್ಲಿಷ್ ಅಕ್ಷರ. ಫೋನಾದರೂ ಎಷ್ಟು ಅಂತ ತಡೆದುಕೊಳ್ಳಬೇಕು? ಮಹಿಳಾ ಸಂಘದ ಅಧ್ಯಕ್ಷೆ ಮೀಟಿಂಗಿಗೆ ‘ಎಲ್ಲರೂ ಬನ್ನಿ’ ಎಂದು ಹಾಕಿದರೆ ಅದು ಆ ಬನ್ನಿಯನ್ನು ಇಂಗ್ಲಿಷಿನ ಮೊಲ ಮಾಡಿ ಕಳಿಸಿತು. ಅವರು ಫೋನ್ ಹಿಡಿದುಕೊಂಡು ಬಂದು ನನಗೇ ಬೈದರು, ಮೊಲವನ್ನು ನಾನೇ ಬಿಟ್ಟ ಹಾಗೆ. ತನ್ನಷ್ಟಕ್ಕೆ ತಿದ್ದುವುದನ್ನು ಆಫ್ ಮಾಡಿ, ಕನ್ನಡ ಕೀಬೋರ್ಡ್ ಸೇರಿಸಿ, ಭೂಗೋಳದ ಗುರುತು ಒತ್ತಿದರೆ ಅದರಿಂದ ಇದಕ್ಕೆ ಇದರಿಂದ ಅದಕ್ಕೆ ಹೋಗಬಹುದು ಎಂದು ತೋರಿಸಿಕೊಟ್ಟೆ. ದಿನವೂ ಇದೇ ಕೆಲಸ. ಅಂಥ ನಾನೇ ಮೋಸ ಹೋದೆ. ಊರಿಗೆ ಬುದ್ಧಿ ಹೇಳುವವಳ ಕಥೆ ಹೀಗಾದರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಅಮ್ಮ ತೀರಿಹೋದದ್ದು ಪುತ್ತೂರಿನ ಆಸ್ಪತ್ರೆಯಲ್ಲಿ. ಜೊತೆಗಿದ್ದವಳು ನಾನು. ಬೆಳಿಗ್ಗೆ ಗಂಜಿ ತರಲೆಂದು ಕೆಳಗೆ ಕ್ಯಾಂಟೀನಿಗೆ ಹೋಗಿದ್ದೆ. ಗಂಜಿ ಹಿಡಿದುಕೊಂಡು ಮೇಲೆ ಬರುವಾಗ ಎಲ್ಲ ಮುಗಿದಿತ್ತು. ಉತ್ತರಕ್ರಿಯೆಯ ದಿನ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಅಣ್ಣ ನನ್ನ ಮುಖ ನೋಡಿ ಒಂದು ಮಾತು ಹೇಳಿದ. ಮನೆಯಲ್ಲಿ ನಮ್ಮದು ಅರೆಭಾಷೆ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಪೆಟ್ಟು ಮಾತ್ರ ಅಷ್ಟೇ ಉಂಟು.

“ಅಮ್ಮ ಒಬ್ಬರೇ ಸಾಯ್ಲಿಕ್ಕೆ ನೀನು ಅಲ್ಲಿ ಎಂತಕ್ಕೆ ಇದ್ದದ್ದು?”

ಯಾರೂ ಅವನನ್ನು ತಡೆಯಲಿಲ್ಲ. ನಾನು ಎಲೆ ಮಡಚಿ ಎದ್ದು ಬಂದೆ. ಆಮೇಲೆ ಐವರ್ನಾಡಿನ ಆ ತವರುಮನೆಯ ಮೆಟ್ಟಿಲು ಹತ್ತಲಿಲ್ಲ. ಅಣ್ಣನೂ ಫೋನ್ ಮಾಡಲಿಲ್ಲ. ಅವನದು ಕೆಂಪುಕಲ್ಲು ಸಾಗಿಸುವ ಲಾರಿ, ದಿನಕ್ಕೆ ಎರಡು ಸಲ ನನ್ನ ಅಂಗಡಿಯ ಎದುರೇ ಹೋಗುತ್ತದೆ. ಹಾರ್ನ್ ಕೇಳಿದರೆ ನಾನು ಒಳಗೆ ಹೋಗಿ ಕಾಗದ ಜೋಡಿಸುತ್ತಿದ್ದೆ. ಗಂಡ ಹೇಳಿದ್ದುಂಟು, ಅದು ದುಃಖದಲ್ಲಿ ಬಂದ ಮಾತು, ಬಿಟ್ಟುಬಿಡು ಎಂದು. ಬಿಡುವುದು ಹೇಗೆ ಮಾರಾಯ್ರೆ? ಆ ಗಂಜಿಯ ಲೆಕ್ಕವನ್ನು ನಾನೇ ನನ್ನ ಹತ್ತಿರ ಕೇಳುತ್ತಿದ್ದೆ, ಇನ್ನು ಅವನೂ ಕೇಳಿದರೆ ಉಳಿಯುವುದು ಎಲ್ಲಿ? ಆ ಮಾತನ್ನು ಹೇಳಿದ ಬಾಯಿಯೇ ವಾಪಸು ತೆಗೆದುಕೊಳ್ಳಬೇಕಿತ್ತು. ನನಗೆ ಬೇಕಾದದ್ದು ಅಷ್ಟೇ.

ಅಮ್ಮನ ವರ್ಷದ ಕಾರ್ಯ ಹತ್ತಿರ ಬಂತು. ಅತ್ತಿಗೆ ಫೋನ್ ಮಾಡಿ ದಿನ ಹೇಳಿದರು. ಅಣ್ಣನಿಗೆ ನಾನು ಮೆಸೇಜ್ ಹಾಕಿದೆ, ಉದ್ದದ್ದು, ಅಚ್ಚ ಕನ್ನಡದಲ್ಲಿ, ಒಂದೊಂದು ಅಕ್ಷರ ನೋಡಿ. ಅಮ್ಮನಿಗೆ ಹಸಿವಾಗುತ್ತದೆ ಎಂದೇ ನಾನು ಕೆಳಗೆ ಹೋದದ್ದು. ನೀನು ಹಾಗೆ ಹೇಳಬಾರದಿತ್ತು. ನೀನು ಅದನ್ನು ಹಿಂದೆ ತೆಗೆದುಕೊಳ್ಳದೆ ನಾನು ಆ ಮನೆಗೆ ಬರುವುದಿಲ್ಲ. ಇಷ್ಟು ಬರೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಪದ: ಸಾರಿ.

ಆ ಒಂದು ಪದಕ್ಕೆ ನಾನು ಅತ್ತದ್ದನ್ನು ಅಂಗಡಿಗೆ ಬಂದವರು ನೋಡಿ, ಯಾರು ತೀರಿಹೋದದ್ದು ಎಂದು ಕೇಳಿದರು. ತಪ್ಪು ಒಪ್ಪಿಕೊಳ್ಳುವ ಜಾತಿಯವನಲ್ಲ ನಮ್ಮ ಅಣ್ಣ. ಸಣ್ಣವರಿರುವಾಗ ನನ್ನ ಸ್ಲೇಟು ಒಡೆದು, ಸ್ಲೇಟಿಗೇ ಬೈದವನು. ಅಂಥವನ ಕೈಯಿಂದ ಬಂದದ್ದಲ್ಲವೇ! ನನಗೆ ಒಂದು ವರ್ಷದಿಂದ ಎದೆಯಲ್ಲಿದ್ದ ಕಲ್ಲು ಇಳಿದ ಹಾಗಾಯಿತು. ಗಂಡನಿಗೆ ತೋರಿಸಿದೆ. ನೋಡಿದಿರಾ, ಕೇಳಿದ ಮೇಲೆ ಹೇಳಿದ ಎಂದೆ. ಫೋನ್ ಅದನ್ನು ತಿದ್ದಿರಬಹುದು ಎಂದು ಒಂದು ಗಳಿಗೆಯೂ ಹೊಳೆಯಲಿಲ್ಲ. ಹೊಳೆಯುವ ಹಾಗೂ ಇರಲಿಲ್ಲ. ಕನ್ನಡದ ಸರಿಯನ್ನು ಜನ ಹಾಕುವುದು ಎಸ್ ಎ ಆರ್ ಐ ಎಂದು. ಇಂಗ್ಲಿಷಿನವರಿಗೆ ಅದು ಉಡುವ ಸೀರೆ, ಅವರ ಡಿಕ್ಷನರಿಯಲ್ಲೇ ಇರುವ ಪದ, ಕೀಬೋರ್ಡ್ ಅದನ್ನು ಮುಟ್ಟಲು ಹೋಗುವುದಿಲ್ಲ. ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದದ್ದೇ ಮುಳುವಾಯಿತು.

ಕಾರ್ಯದ ದಿನ ಹೋದೆ. ಅತ್ತಿಗೆ ಅಂಗಳದಲ್ಲೇ ಕೈ ಹಿಡಿದು, ನೀನು ಬರುವುದಿಲ್ಲವೆಂದು ಇವರು ಹೇಳಿದ್ದರಲ್ಲ, ಬಂದದ್ದು ಒಳ್ಳೆಯದಾಯಿತು ಎಂದರು. ಅಣ್ಣ ನನ್ನನ್ನು ಕಂಡು ಬೆಪ್ಪಾಗಿ ನಿಂತ. ನಾಚಿಕೆ ಎಂದುಕೊಂಡೆ, ಪಾಪ ಎನಿಸಿತು. ನಾನೇ ಮುಂದೆ ಹೋಗಿ, ಉಪವಾಸವಾ ಎಂದು ವಿಚಾರಿಸಿದೆ. ಬಡಿಸಿದೆ, ಪಾತ್ರೆ ತೊಳೆದೆ, ನೆಂಟರ ಹತ್ತಿರ ನಗಾಡಿ ಮಾತಾಡಿದೆ. ಅಮ್ಮನ ಫೋಟೋದ ಎದುರು ನಿಂತು ಕೈ ಮುಗಿಯುವಾಗ ಕೂಡ, ಅಣ್ಣ ಒಪ್ಪಿಕೊಂಡ ಅಮ್ಮಾ ಎಂದೇ ಹೇಳಿದೆ.

ಊಟವೆಲ್ಲ ಆಗಿ, ನೆಂಟರು ಹೊರಟ ಮೇಲೆ ಅಣ್ಣ ಫೋನ್ ಹಿಡಿದುಕೊಂಡು ಜಗಲಿಗೆ ಬಂದ.

“ಇದಕ್ಕೆ ಎಂತ ಆಗಿದೆ ನೋಡು. ನಾನು ಸರಿ ಅಂತ ಹಾಕಿದ್ರೆ ಅದು ಸಾರಿ ಅಂತ ಮಾಡ್ತದೆ. ಮೊನ್ನೆ ಕಲ್ಲಿನ ಕೋರೆಯವರು ಲೋಡಿಗೆ ಬಾ ಅಂದ್ರು. ಸರಿ ಅಂತ ಹಾಕಿದೆ. ಅವರು ಬೇರೆ ಗಾಡಿ ಕರ್ಸಿದ್ದಾರೆ.”

ಬರೆದು ತೋರಿಸು ಎಂದೆ. ಅವನು ಹೆಬ್ಬೆರಳಿನಲ್ಲಿ ನಿಧಾನ ಒತ್ತಿದ: ಎಸ್, ಎ, ಆರ್, ಆರ್, ವೈ. ಪದ ಮುಗಿದ ಕೂಡಲೇ ಸ್ಪೇಸ್ ಒತ್ತುವುದು ಅವನ ಅಭ್ಯಾಸ. ಒತ್ತಿದ್ದೇ ತಡ, ಎ ಹೋಗಿ ಓ ಆಗಿ ಕೂತಿತು. ಎರಡು ಆರ್, ಒಂದು ವೈ ಯಾಕೆ ಎಂದು ಕೇಳಿದೆ. ಲಾರಿಯ ರಿ ಹಾಗೆಯೇ ಅಲ್ಲವಾ ಬರೆಯುವುದು ಎಂದ. ಇಂಗ್ಲಿಷಿನಲ್ಲಿ ಅವನು ಬದುಕಿಡೀ ಬರೆದ ರಿ ಅದೊಂದೇ.

ಇನ್ನು ಕೇಳದೆ ಬಿಡಬಹುದಿತ್ತು. ಬಿಟ್ಟಿದ್ದರೆ ಅರ್ಧ ಸುಳ್ಳಾದರೂ ನನ್ನ ಹತ್ತಿರ ಉಳಿಯುತ್ತಿತ್ತು. ಆದರೆ ನನ್ನ ಬಾಯಿ ಸುಮ್ಮನಿರುವುದಲ್ಲ.

“ನನಗೆ ಹಾಕಿದ್ದು?”

“ನಿನಗಾ?” ಅವನು ನೆನಪು ಮಾಡಿಕೊಂಡ. “ನೀನು ಬರುದಿಲ್ಲ ಅಂತ ಹಾಕಿದ್ದಿ ಅಲ್ವಾ? ಸರಿ ಅಂತ ಹಾಕಿದೆ.”

ಅಷ್ಟೇ. ಬರುವುದಿಲ್ಲವಾ, ಸರಿ. ಉಳಿದದ್ದನ್ನು ಅವನು ಓದಿದ್ದನೋ ಇಲ್ಲವೋ, ಅದನ್ನು ಕೇಳುವ ಧೈರ್ಯ ಬರಲಿಲ್ಲ. ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಕೊಂಕೂ ಇರಲಿಲ್ಲ. ಒಂದು ವರ್ಷದಿಂದ ನಾನು ಹೊತ್ತುಕೊಂಡು ತಿರುಗಿದ ಮಾತು ಅವನಿಗೆ ನೆನಪಿದೆಯೆಂದೇ ಕಾಣಲಿಲ್ಲ. ಪೆಟ್ಟು ಕೊಟ್ಟವನಿಗೆ ಮರೆತಿದೆ, ತಿಂದವಳಿಗೆ ಉರಿ. ನಾನು ಕ್ಷಮೆ ಎಂದು ತಿಳಿದು ಬಡಿಸಿದ್ದು, ತೊಳೆದದ್ದು, ನಕ್ಕದ್ದು, ಅಮ್ಮನಿಗೆ ಹೇಳಿದ್ದು ಎಲ್ಲ ಒಂದು ಕೀಬೋರ್ಡ್ ಮಾಡಿದ ತಪ್ಪಿಗೆ. ನೆಲ ಬಾಯಿ ಬಿಡಬಾರದೇ ಎನಿಸಿತು.

ಅವನ ಕೈಯಿಂದ ಫೋನ್ ತೆಗೆದುಕೊಂಡೆ. ಸೆಟ್ಟಿಂಗ್ಸಿಗೆ ಹೋಗಿ ತನ್ನಷ್ಟಕ್ಕೆ ತಿದ್ದುವುದನ್ನು ಆಫ್ ಮಾಡಿದೆ. ಕನ್ನಡ ಕೀಬೋರ್ಡ್ ಹಾಕಿಕೊಡಲಾ ಎಂದರೆ ಬೇಡವೆಂದ; ಗಾಡಿ ನಂಬ್ರ, ಲೋಡು, ಅಡ್ರೆಸ್ ಎಲ್ಲ ಇಂಗ್ಲಿಷಿನಲ್ಲೇ ಹಾಕಬೇಕಂತೆ, ಅದರಿಂದ ಇದಕ್ಕೆ ಹಾರುತ್ತ ಕೂತರೆ ತಲೆ ಕೆಡುತ್ತದಂತೆ. ಮತ್ತೊಮ್ಮೆ ಒತ್ತಿ ನೋಡು ಎಂದೆ. ಎಸ್, ಎ, ಆರ್, ಆರ್, ವೈ, ಸ್ಪೇಸ್. ಬದಲಾಗಲಿಲ್ಲ.

ಇನ್ನು ತಾಪತ್ರಯ ಇಲ್ಲ ಎಂದು ಅವನು ನಕ್ಕ. ನಾನು ಚಪ್ಪಲಿ ಹಾಕಿಕೊಂಡು ಬಸ್ಸಿಗೆ ಹೊರಟೆ. ಈಗ ಅವನು ಏನು ಒತ್ತಿದರೂ ಒತ್ತಿದ್ದೇ ಹೋಗುತ್ತದೆ. ನನಗೆ ಆಮೇಲೆ ಅವನಿಂದ ಏನೂ ಬಂದಿಲ್ಲ.