ಟೋವೆ ತಿದ್ದಿಸಿದ ಪತ್ರ

ಎಸ್ಬ್ಯಾರ್ ಬಂದರಿನಲ್ಲಿ ಗಾಳಿಯಂತ್ರಗಳ ರೆಕ್ಕೆಗಳನ್ನು ಹಡಗಿಗೆ ಏರಿಸುವ ಕ್ರೇನು ಟೋವೆಯ ಕೈಯಲ್ಲಿತ್ತು. ವಯಸ್ಸು ಮೂವತ್ತೆಂಟು. ಸಂಜೆ ಪಾಳಿ ಇದ್ದ ದಿನ ಸರಿಯಾಗಿ ಆರು ಗಂಟೆಗೆ ಅವಳು ಕ್ರೇನನ್ನು ನಿಲ್ಲಿಸಿ, ನಲವತ್ತು ಮೀಟರ್ ಎತ್ತರದ ಆ ಗಾಜಿನ ಗೂಡಿನಲ್ಲೇ ಅಂಗಿ ಎತ್ತಿ ಹೊಟ್ಟೆಗೆ ಅಂಡಾಣು ಬೆಳೆಸುವ ಇಂಜೆಕ್ಷನ್ ಚುಚ್ಚಿಕೊಳ್ಳುತ್ತಿದ್ದಳು. ಸೋಂಕಿನಿಂದ ನೀರು ತುಂಬಿಕೊಂಡಿದ್ದ ಎರಡೂ ಗರ್ಭನಾಳಗಳನ್ನು ಮೂರು ವರ್ಷದ ಹಿಂದೆ ತೆಗೆದುಹಾಕಿದ್ದರು. ತನ್ನ ಅಂಡಾಣುವಿನಿಂದ ಮಗು ಬೇಕೆಂದರೆ ಐವಿಎಫ್ ಬಿಟ್ಟು ಬೇರೆ ದಾರಿಯಿರಲಿಲ್ಲ.

ಒಂಬತ್ತು ದಿನ ಚುಚ್ಚಿಕೊಂಡ ಮೇಲೆ ಸ್ಕ್ಯಾನ್ ಆಯಿತು. ಮಧ್ಯಾಹ್ನ ನರ್ಸ್ ಫೋನ್ ಮಾಡಿ, "ಎಲ್ಲಾ ಇಂಜೆಕ್ಷನ್ ನಿಲ್ಲಿಸಿಬಿಡಿ, ಡಾಕ್ಟ್ರು ಬರೀತಾರೆ" ಎಂದಳು. ನಾಲ್ಕು ದಿನದ ನಂತರ ಪತ್ರ ಬಂತು. ಟೋವೆ ಅದನ್ನು ಅಡುಗೆಮನೆಯಲ್ಲಿ ನಿಂತೇ ಓದಿದಳು.

"ಔಷಧಿಗೆ ನಿಮ್ಮ ಪ್ರತಿಕ್ರಿಯೆ ಕಳಪೆಯಾಗಿದ್ದ ಕಾರಣ ಚಿಕಿತ್ಸೆಯ ಈ ಸುತ್ತನ್ನು ರದ್ದುಮಾಡಲಾಗಿದೆ. ಎಡ ಅಂಡಾಶಯದಲ್ಲಿ ಅಂಡಾಣು ಮಾಗುವ, ಹದಿಮೂರು ಮಿಲಿಮೀಟರಿನ ಒಂದೇ ಗುಳ್ಳೆ ಬೆಳೆದಿದೆ. ಬಲಗಡೆಯ ಎರಡು ತೀರಾ ಚಿಕ್ಕವು. ಬೆಳೆದ ಗುಳ್ಳೆಗಳು ಮೂರಕ್ಕಿಂತ ಕಡಿಮೆ ಇದ್ದರೆ ನಾವು ಅಂಡಾಣು ತೆಗೆಯುವುದಿಲ್ಲ. ಕೊಟ್ಟಿದ್ದು ಆಗಲೇ ಗರಿಷ್ಠ ಪ್ರಮಾಣ. ಇನ್ನೂ ಹೆಚ್ಚಿಸಿದರೆ ಲಾಭವಿಲ್ಲ. ಎರಡು ವಾರದೊಳಗೆ ಮುಟ್ಟು ಬರುತ್ತದೆ. ದಾನಿಯ ಅಂಡಾಣುವಿನ ಬಗ್ಗೆ ಯೋಚಿಸಲು ಸಲಹೆ ನೀಡುತ್ತೇನೆ."

"ಕಳಪೆ ಅಂತೆ," ಎಂದಳು ಟೋವೆ. "ಒಂದಿನಾನೂ ತಪ್ಪಿಸ್ದೆ ಚುಚ್ಕೊಂಡವಳು ನಾನು. ಕೆಲಸ ಮಾಡದೆ ಇದ್ದದ್ದು ಇವರ ಔಷಧಿ. ಕಳಪೆ ಮಾತ್ರ ನಾನು!"

"ಅದು ಅವರ ವೃತ್ತಿ ಮಾತು ಕಣೇ," ಎಂದ ಗಂಡ ಯೆಪ್ಪೆ.

"ಹಂಗಾದ್ರೆ ಅವರವರೇ ಮಾತಾಡ್ಕೊಳ್ಳಲಿ. ನನಗ್ಯಾಕೆ ಬರೀತಾರೆ?"

ಮಾರನೇ ವಾರ ಅವಳು, ಪತ್ರ ಬರೆದಿದ್ದ ಡಾಕ್ಟರ್ ವಿಬೆಕೆಯ ಮೇಜಿನ ಮೇಲೆ ಅದನ್ನಿಟ್ಟಳು. 'ಕಳಪೆ' ಎಂಬ ಪದದ ಸುತ್ತ ಕೆಂಪು ಶಾಯಿಯ ಗೆರೆಯಿತ್ತು.

"ಒಂದು ಗುಳ್ಳೆ ಇತ್ತಲ್ಲ ಡಾಕ್ಟ್ರೇ. ಅದನ್ನ ಯಾಕೆ ತೆಗೀಲಿಲ್ಲ?"

"ಗುಳ್ಳೆ ಇದ್ರೂ ಒಳಗೆ ಅಂಡಾಣು ಸಿಗದೇ ಹೋಗಬಹುದು. ಸಿಕ್ರೂ ಫಲಿಸದೇ ಹೋಗಬಹುದು. ಅಷ್ಟು ಕಡಿಮೆ ಸಾಧ್ಯತೆಗೆ ನಿಮಗೆ ಸೂಜಿ ಹಾಕೋದು ಬೇಡ ಅನ್ನಿಸ್ತು."

"ಯಾರಿಗೆ ಅನ್ನಿಸ್ತು?"

ವಿಬೆಕೆ ಕನ್ನಡಕ ತೆಗೆದು ಪತ್ರದ ಪಕ್ಕದಲ್ಲಿಟ್ಟಳು. "ನನಗೆ. ನಿಮ್ಮನ್ನ ಕೇಳಬೇಕಿತ್ತು. ಕೇಳಲಿಲ್ಲ."

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾಳೆಂದು ಟೋವೆ ಎಣಿಸಿರಲಿಲ್ಲ. ಜಗಳಕ್ಕೆಂದು ಕಟ್ಟಿಕೊಂಡು ಬಂದಿದ್ದ ಅರ್ಧ ಮಾತು ಬೇಕಾಗಲೇ ಇಲ್ಲ. ಆದರೂ ಬಿಡಲಿಲ್ಲ.

"ಮೊದಲು ಪತ್ರ ತಿದ್ದಿ. ಆಮೇಲೆ, ಔಷಧಿ ಇಲ್ದೆ ತಾನಾಗೇ ತಿಂಗಳಿಗೊಂದು ಗುಳ್ಳೆ ಬೆಳೆಯುತ್ತಲ್ಲ, ಅದರಿಂದ ಅಂಡಾಣು ತೆಗೀರಿ."

"ತೆಗೀಬಹುದು. ಆದ್ರೆ ನಿಮಗೆ ಸುಳ್ಳು ಹೇಳಲ್ಲ ಟೋವೆ, ಸಾಧ್ಯತೆ ತುಂಬಾ ಸಣ್ಣದು. ನಿಮ್ಮ ಅಂಡಾಶಯದಲ್ಲಿ ಅಂಡಾಣು ಉಳಿದಿರೋದೇ ಕಮ್ಮಿ."

"ಸಣ್ಣದು ಅಂತೀರಿ. ಇಲ್ಲ ಅಂತಿಲ್ಲವಲ್ಲ?"

"ಇಲ್ಲ ಅಂತಿಲ್ಲ."

ಎರಡನೇ ಪತ್ರ ಮೂರು ದಿನದಲ್ಲಿ ಬಂತು. "ನಾವು ಕೊಟ್ಟ ಔಷಧಿಯಿಂದ ನಿರೀಕ್ಷಿಸಿದಷ್ಟು ಗುಳ್ಳೆಗಳು ಬೆಳೆಯಲಿಲ್ಲ. ಇದು ನೀವು ಮಾಡಿದ ಅಥವಾ ಬಿಟ್ಟ ಯಾವುದರಿಂದಲೂ ಆದದ್ದಲ್ಲ," ಎಂದಿತ್ತು. ಟೋವೆ ಎರಡು ಸಲ ಓದಿದಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ಅಲ್ಲಿಯವರೆಗೂ ಅವಳು ಅತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಅವಳ ಮೈ ತಾನಾಗಿಯೇ ಒಂದು ಗುಳ್ಳೆಯನ್ನು ಬೆಳೆಸಿತು. ಹದಿನೆಂಟು ಮಿಲಿಮೀಟರ್ ಮುಟ್ಟಿದಾಗ ಅಂಡಾಣು ಮಾಗಿಸುವ ಇಂಜೆಕ್ಷನ್ ಕೊಟ್ಟರು. ಮೂವತ್ತಾರು ಗಂಟೆಯ ನಂತರ ಗುಳ್ಳೆಯೊಳಗಿನ ನೀರನ್ನು ಸೂಜಿಯಿಂದ ಹೀರಿ ತೆಗೆದರು. ಒಳಗೆ ಅಂಡಾಣು ಇತ್ತು. ಲ್ಯಾಬಿನಲ್ಲಿ ಅದು ಫಲಿಸಿತು ಕೂಡ. ಎರಡನೇ ದಿನ ನಾಲ್ಕು ಜೀವಕೋಶಗಳ ಭ್ರೂಣವನ್ನು ಗರ್ಭಕೋಶದೊಳಗೆ ಇಟ್ಟಾಗ, ಪರದೆಯ ಮೇಲಿನ ಬಿಳಿ ಚುಕ್ಕೆಯನ್ನು ನೋಡುತ್ತಾ ಯೆಪ್ಪೆ ಅವಳ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದ.

ಹನ್ನೆರಡನೇ ದಿನ ರಕ್ತ ಕಂಡಿತು. ರಕ್ತಪರೀಕ್ಷೆಯೂ ಬಸಿರಿಲ್ಲವೆಂದಿತು.

ಭಾನುವಾರ ಕಾಫಿಗೆ ಬಂದ ಅತ್ತೆ ಎಲ್ಸೆಬೆತ್, ದಾಲ್ಚಿನ್ನಿ ಬನ್ನಿನ ತಟ್ಟೆಯನ್ನು ಸೊಸೆಯ ಕಡೆ ಸರಿಸುತ್ತಾ, "ಸಾಕು ಬಿಡಮ್ಮ, ಎಷ್ಟೂಂತ ಮೈ ನೋಯಿಸ್ಕೋತೀಯಾ?" ಎಂದಳು.

"ಸಾಕು ಅನ್ನೋದು ಪತ್ರದಿಂದಲೂ ಬರಬಾರದು, ನಿಮ್ಮಿಂದಲೂ ಬರಬಾರದು ಅತ್ತೆ," ಎಂದಳು ಟೋವೆ. "ನನಗೇ ಅನ್ನಿಸಬೇಕು. ಇನ್ನೂ ಅನ್ನಿಸಿಲ್ಲ. ಜನವರಿಯಲ್ಲಿ ಇನ್ನೊಂದು ಸಲ. ಅದೂ ಆಗದಿದ್ರೆ ದಾನಿ ಅಂಡಾಣು ಬೇಕೋ ಬೇಡವೋ, ನಾವಿಬ್ಬರೇ ಕೂತು ನೋಡ್ತೀವಿ."

ಎಲ್ಸೆಬೆತ್ ಮಗನ ಮುಖ ನೋಡಿದಳು. ಯೆಪ್ಪೆ ಬನ್ನು ಅಗಿಯುತ್ತಾ ಹೆಂಡತಿಯ ಕಡೆ ತಲೆಯಾಡಿಸಿದ.

ಸೋಮವಾರ ಬಂದರಿನ ಊಟದ ಕೋಣೆಯಲ್ಲಿ ಕೆಳಗೆ ನಿಂತು ಕ್ರೇನಿನ ಕೊಕ್ಕೆಗೆ ಹಗ್ಗ ಬಿಗಿಯುವ ಪಾಲೆ, "ಏನು ಟೋವೆ, ಹೋದ ತಿಂಗಳೆಲ್ಲ ರಜಾ ಹಾಕಿದ್ದೇ ಹಾಕಿದ್ದು, ಲಾಟರಿ ಹೊಡೀತಾ?" ಎಂದು ಕೆಣಕಿದ.

ಹೊಟ್ಟೆನೋವಿತ್ತು ಎಂದು ಹೇಳಿ ಮುಗಿಸಬಹುದಿತ್ತು. ಇಷ್ಟು ದಿನ ಹಾಗೇ ಹೇಳಿದ್ದಳು.

"ಮಗು ಮಾಡ್ಕೊಳ್ಳೋಕೆ ಹೋಗಿದ್ದೆ ಕಣೋ. ಆಗಲಿಲ್ಲ. ಜನವರೀಲಿ ಮತ್ತೆ ರಜಾ ಹಾಕ್ತೀನಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಪಾಲೆಯ ಕಿವಿ ಕೆಂಪಾದವು. ಅವನು ಎದ್ದು ಅವಳ ಲೋಟಕ್ಕೆ ಕಾಫಿ ಸುರಿದು, "ಆ ವಾರ ನಿನ್ನ ಪಾಳಿ ನಾನು ಮಾಡ್ತೀನಿ ಬಿಡು," ಎಂದ.

"ನಿನಗೆ ಎತ್ತರ ಅಂದ್ರೆ ತಲೆ ಸುತ್ತುತ್ತಲ್ಲೋ!" ಎಂದಳು ಟೋವೆ. ಎಲ್ಲರೂ ನಕ್ಕರು.