ನೂರು ಫೋಟೊಗಳ ಬಂಗಾರದ ಕಟ್ಟು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ವಿದ್ಯಾನಗರದಿಂದ ದಿನಾ ಬಸ್ಸು ಹತ್ತಿ ಭದ್ರಾವತಿಯ ಒಂದು ಸಣ್ಣ ಫೌಂಡ್ರಿಗೆ ಹೋಗುತ್ತಿದ್ದೆ. ಎರಕದ ಕಬ್ಬಿಣದ ತುಂಡನ್ನು ಸೂಕ್ಷ್ಮದರ್ಶಕದಲ್ಲಿಟ್ಟು ತೆಗೆದ ಫೋಟೊ ನೋಡಿ, ಒಳಗಿನ ಗ್ರಾಫೈಟ್ ದುಂಡಗಿದೆಯೋ, ಎಸಳಾಗಿದೆಯೋ, ನಡುವಿನದೋ ಎಂದು ಹೇಳುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ದುಂಡಗಿದ್ದರೆ ಕಬ್ಬಿಣ ಗಟ್ಟಿ, ಎಸಳಾಗಿದ್ದರೆ ಬೇಗ ಒಡೆಯುತ್ತದೆ. ಅದನ್ನು ಒಪ್ಪಬೇಕಾದವರು ಅಲ್ಲಿನ ಲ್ಯಾಬಿನ ಹಿರಿಯರು. ಅವರ ನಿವೃತ್ತಿಗೆ ಒಂದು ವರ್ಷವಿತ್ತು.

ಅವರು ನೂರು ಫೋಟೊ ಆರಿಸಿ, ಪ್ರತಿಯೊಂದರ ಹಿಂದೆ ಪೆನ್ಸಿಲಿನಲ್ಲಿ ಗ್ರಾಫೈಟಿನ ಜಾತಿ ಬರೆದು ಕಟ್ಟಿಕೊಟ್ಟರು. "ಇದು ಬಂಗಾರ. ಇದನ್ನ ತೋರ್ಸಿ ನಿನ್ನ ಪ್ರೋಗ್ರಾಂಗೆ ಪಾಠ ಹೇಳ್ಬೇಡ. ಪರೀಕ್ಷೆಗೆ ಮಾತ್ರ" ಎಂದರು.

ತೊಂದರೆ ಮೊದಲ ದಿನವೇ ಶುರುವಾಯಿತು. ಇಡೀ ಫೋಟೊ ಅಳೆಯಲು ಕಂಪ್ಯೂಟರಿಗೆ ಬಹಳ ಹೊತ್ತು ಹಿಡಿಯುತ್ತಿತ್ತು. ಹಾಗಾಗಿ ಪ್ರೋಗ್ರಾಂ ಪ್ರತಿ ಸಲ ಅಲ್ಲಲ್ಲಿ ಒಂದಷ್ಟು ಚೌಕಗಳನ್ನು ಮನಬಂದಂತೆ ಆರಿಸಿ ಅಳೆಯುತ್ತಿತ್ತು. ಬೆಳಿಗ್ಗೆ ದುಂಡು ಎಂದ ಫೋಟೊವನ್ನು ಮಧ್ಯಾಹ್ನ ನಡುವಿನದು ಎಂದಿತು.

"ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಇದನ್ನ ಹೆಂಗೆ ನಂಬ್ಲಿ ಮಾರಾಯ್ತಿ?"

ಪ್ರತಿ ಸಲವೂ ಅವೇ ಚೌಕಗಳು ಬರುವಂತೆ ಮಾಡಿದರೆ ಉತ್ತರ ಬದಲಾಗುವುದಿಲ್ಲ, ನಿಜ. ಆದರೆ ಆಗ ತಪ್ಪೂ ಬದಲಾಗದೆ ಅಡಗಿ ಕೂರುತ್ತದೆ. ಮನುಷ್ಯರ ಕಣ್ಣಾದರೂ ಪ್ರತಿ ಸಲ ಒಂದೇ ಉತ್ತರ ಕೊಡುತ್ತದೆಯೇ ಎಂದು ನೋಡಲು, ಎರಡು ವಾರ ಬಿಟ್ಟು, ಅದೇ ನೂರು ಫೋಟೊಗಳ ಹೊಸ ಪ್ರತಿಗಳನ್ನು ಕಲಸಿ, ಹಿಂದೆ ಏನೂ ಬರೆಯದೆ ಅವರ ಮುಂದಿಟ್ಟೆ. ಐದರಲ್ಲಿ ಅವರು ತಮ್ಮ ಮೊದಲಿನ ಮಾತನ್ನೇ ಬದಲಿಸಿದ್ದರು. ಸಂಕೋಚದಿಂದಲೇ ಹೇಳಿದೆ. ಅವರು ಕನ್ನಡಕ ತೆಗೆದು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನನ್ನನ್ನೇ ಪರೀಕ್ಷೆಗೆ ಕೂರಿಸ್ಬಿಟ್ಯಲ್ಲ!"

ಆ ಐದೂ ಅಕ್ಕಪಕ್ಕದ ಜಾತಿಗಳ ನಡುವಿನ ಗೊಂದಲ. ಎಸಳನ್ನು ದುಂಡು ಎಂದು ಅವರು ಒಮ್ಮೆಯೂ ಹೇಳಿರಲಿಲ್ಲ. ಮೂಲ ತುಂಡುಗಳನ್ನು ಮತ್ತೆ ನೋಡಿ ಆ ಐದರ ಜಾತಿ ಖಾಯಂ ಮಾಡಿದೆವು. ಆಮೇಲೆ ಇಬ್ಬರೂ ಕೂತು ಷರತ್ತು ಬರೆದೆವು: ಹತ್ತು ಸಲ ಓಡಿಸಬೇಕು, ಪ್ರತಿ ಸಲವೂ ತೊಂಬತ್ತೈದಾದರೂ ಸರಿಯಿರಬೇಕು, ತಪ್ಪಿದರೆ ಪಕ್ಕದ ಜಾತಿಗೆ ಮಾತ್ರ ತಪ್ಪಬೇಕು. ಹಾಗಾದರೆ ಅವರು ಒಪ್ಪಿ ಸಹಿ ಹಾಕುತ್ತಾರೆ.

ಏಳು ಸಲ ದಾಟಿತು. ಎಂಟನೆಯದರಲ್ಲಿ ತೊಂಬತ್ತಾರು ಸರಿ, ಆದರೆ ಒಂದು ಎಸಳನ್ನು ದುಂಡು ಎಂದಿತ್ತು.

"ಒಂದೇ ಅಲ್ವಾ ಸರ್, ತೊಂಬತ್ತಾರು ಬಂದಿದೆಯಲ್ಲ" ಎಂದೆ.

"ಆ ಒಂದು ತುಂಡು ಯಾರದೋ ಪಂಪ್‌ಸೆಟ್ಟಲ್ಲಿ ಒಡೀತದೆ. ಆಗಲ್ಲಮ್ಮ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆದರೆ ಪೆನ್ನು ಜೇಬಿಗೆ ಹೋಗಿತ್ತು.

ಆ ಫೋಟೊದ ಒಂದು ಮೂಲೆಯಲ್ಲಷ್ಟೇ ದುಂಡು ಕಣಗಳಿದ್ದವು. ಆ ಸಲ ಹೆಚ್ಚಿನ ಚೌಕಗಳು ಅಲ್ಲೇ ಬಿದ್ದಿದ್ದವು. ಚೌಕಗಳ ಸಂಖ್ಯೆ ಹೆಚ್ಚಿಸಿ, ಫೋಟೊದ ಎಲ್ಲ ಭಾಗದಿಂದಲೂ ಸಮನಾಗಿ ಬರುವಂತೆ ತಿದ್ದಿದೆ. ಒಂದು ಫೋಟೊಗೆ ಮೊದಲಿಗಿಂತ ಎರಡರಷ್ಟು ಹೊತ್ತು ಹಿಡಿಯಿತು. ಮತ್ತೆ ಮೊದಲಿನಿಂದ ಹತ್ತು ಸಲ ಓಡಿಸಿದೆವು. ಹತ್ತೂ ದಾಟಿತು.

ಅವರು ಸಹಿ ಹಾಕಲಿಲ್ಲ. "ಏಳು ದಾಟಿ ಎಂಟಕ್ಕೆ ಎಡವಿದ್ದು ಮರ್ತಿಲ್ಲ. ಇನ್ನೊಂದು ಹತ್ತು ಓಡ್ಸು, ಅಷ್ಟರಲ್ಲಿ ಕಾಫಿ ತರ್ತೀನಿ" ಎಂದು ತಾವೇ ಎದ್ದು ಕ್ಯಾಂಟೀನಿಗೆ ಹೋದರು.