ಸುತ್ತೋಲೆಯ ಅಂಕಿಗಳು

ಹಳ್ಳಿಗಳಲ್ಲಿ ತೋರಿಸುವ ದನಗಳ ಲಸಿಕೆಯ ಚಿತ್ರಕ್ಕೆ ನಾನು ನಿರೂಪಣೆ ಬರೆದಿದ್ದೆ. ‘ದಿನಾಂಕ 14-8ರಂದು, ತಲಾ ರೂ. 3.50’ ಎಂಬ ಸಾಲನ್ನು ಇಲಾಖೆಯ ಸುತ್ತೋಲೆಯಿಂದ ಹಾಗೆಯೇ ನಕಲು ಮಾಡಿದ್ದೆ. ಹೆಬ್ಬಾಳದ ಪುಟ್ಟ ಸ್ಟುಡಿಯೊದಲ್ಲಿ ದನಿ ಕೊಡಲು ಬಂದ ಹಿರಿಯರು ಆ ಸಾಲಿನಲ್ಲಿ ಮೂರು ಸಲ ತಡವರಿಸಿ, ಹಾಳೆಯನ್ನು ನನ್ನ ಕೈಗಿತ್ತರು.

“ನೀವೇ ಓದಿ ಸ್ವಾಮಿ. ಇದನ್ನ ಕೇಳಿ ಅಬ್ಬಿಗೆರೆಯ ಯಾವುದೋ ಅಜ್ಜಿ ಹಸು ಹಿಡ್ಕೊಂಡು ಯಾವತ್ತು ಬರ್ಬೇಕು?”

ಮೈಕಿನ ಮುಂದೆ ನಾನೂ ತಡವರಿಸಿದೆ. ಜನರಿಗೆ ಅರ್ಥವಾಗದ ಸುತ್ತೋಲೆಗಳಿಗಾಗಿ ಪತ್ರಿಕೆಗಳಲ್ಲಿ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದವನು ನಾನು. ಈ ಸಾಲಿಗೆ ಹೊಣೆ ನಾನೇ. ಅಂಕಿಗಳನ್ನು ಹೊಡೆದುಹಾಕಿ ಅಕ್ಷರಗಳಲ್ಲಿ ಬರೆದೆ: ‘ಆಗಸ್ಟ್ ಹದಿನಾಲ್ಕನೇ ತಾರೀಕು, ಗುರುವಾರ ಬನ್ನಿ. ಒಂದು ಹಸುವಿಗೆ ಮೂರೂವರೆ ರೂಪಾಯಿ.’

ಹಿರಿಯರು ಒಂದೇ ಸಲಕ್ಕೆ ಓದಿ ಮುಗಿಸಿದರು. “ಈಗ ಅಜ್ಜಿ ಬರ್ತಾಳೆ ಬಿಡಿ.”